ಹನ್ನೊಂದು ಬಾಡಿಗೆ ಮನೆ, ಮೂರು ಗುರಿ: ‘ಎಲ್ಲದರಲ್ಲೂ ಮೇಲು’ ಎಂಬ ನಿಯಮವನ್ನು ಹಚ್ಚಿ ನೋಡಿದಾಗ

ಗಂಡನ ಕಚೇರಿ ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದ ಪಕ್ಕ. ಹೆಂಡತಿ ಜಯನಗರದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಒಂದು ನಗರದ ಪೂರ್ವದ ತುದಿ, ಇನ್ನೊಂದು ದಕ್ಷಿಣ. ಎರಡು ಬೆಡ್‌ರೂಮಿನ ಮನೆ ಬೇಕು. ಹುಡುಕಾಡಿದ ಮೇಲೆ ಕೈಯಲ್ಲಿ ಉಳಿದದ್ದು ಹನ್ನೊಂದು ಮನೆ. ಇಬ್ಬರೂ ಒಪ್ಪಿಕೊಂಡ ಗುರಿಗಳು ಮೂರು: ತಿಂಗಳ ಖರ್ಚು ಕಡಿಮೆ ಇರಬೇಕು, ಅವನ ಬೆಳಗಿನ ಪ್ರಯಾಣ ಕಡಿಮೆ ಇರಬೇಕು, ಅವಳ ಪ್ರಯಾಣವೂ ಕಡಿಮೆ ಇರಬೇಕು. ಯಾವ ಗುರಿ ಎಷ್ಟು ಮುಖ್ಯ ಎಂಬಲ್ಲಿ ಒಮ್ಮತವಿರಲಿಲ್ಲ. ಹಾಗಾಗಿ ಜಗಳಕ್ಕೆ ಎಡೆಯಿಲ್ಲದ ನಿಯಮ ಒಂದರಿಂದ ಶುರುಮಾಡಿದರು: ಒಂದು ಮನೆ ಮೂರೂ ಗುರಿಯಲ್ಲಿ ಇನ್ನೊಂದಕ್ಕಿಂತ ಮೇಲಾಗಿದ್ದರೆ ಮಾತ್ರ ಅದು ಗೆದ್ದಂತೆ. ಗೆದ್ದದ್ದು ಉಳಿಯುತ್ತದೆ, ಸೋತದ್ದು ಪಟ್ಟಿಯಿಂದ ಹೊರಗೆ.

ಈ ಬಗೆಯ ಕ್ರಮಕ್ಕೆ ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ (1848–1923) ಅವರ ಹೆಸರು ಅಂಟಿಕೊಂಡಿದೆ. ನಿಯಮ ಒಂದೇ ಸಾಲಿನದ್ದು, ಆದರೆ ಹಚ್ಚಿದಾಗ ಎಡವುವ ಜಾಗಗಳು ಹಲವು. ಇಲ್ಲಿನ ಅಂಕಿಗಳನ್ನು ಲೆಕ್ಕ ಕಾಣುವಂತೆ ಆರಿಸಿಕೊಂಡಿದೆ, ಆಯಾ ಬಡಾವಣೆಯ ಬಾಡಿಗೆ ದರ ಎಂದು ಓದಿಕೊಳ್ಳಬೇಡಿ.

ಪಟ್ಟಿ ಮಾಡುವ ಮೊದಲು

ಓನರ್ ಹೇಳುವ ಬಾಡಿಗೆಯನ್ನೇ ‘ಖರ್ಚು’ ಎಂದು ಬರೆದುಕೊಂಡರೆ ಮುಂದಿನ ಹೋಲಿಕೆಯೆಲ್ಲ ಕೆಡುತ್ತದೆ. ಬೆನ್ನಿಗಾನಹಳ್ಳಿಯ ಮನೆಯನ್ನೇ ತೆಗೆದುಕೊಳ್ಳಿ. ಬಾಡಿಗೆ ₹27,000, ಮೇಂಟೆನೆನ್ಸ್ ₹2,750. ಅಡ್ವಾನ್ಸ್ ಎರಡೂವರೆ ಲಕ್ಷ. ಆ ದುಡ್ಡು ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ ಶೇಕಡಾ 7.2ರ ಬಡ್ಡಿಯಲ್ಲಿ ₹18,000 ಬರುತ್ತಿತ್ತು, ಅಂದರೆ ತಿಂಗಳಿಗೆ ₹1,500 ಕೈಬಿಟ್ಟಂತೆ. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಮೂರು ವರ್ಷ ಇರುತ್ತೇವೆ ಎಂದುಕೊಂಡರೆ ಅದು ತಿಂಗಳಿಗೆ ₹750. ಒಟ್ಟು ₹32,000. ಕಾವೇರಿ ನೀರಿಲ್ಲದ ಮನೆಗಳಿಗೆ ಟ್ಯಾಂಕರ್ ನೀರಿನ ಪಾಲನ್ನೂ ಇದಕ್ಕೇ ಸೇರಿಸಿದೆ. ಹೀಗೆ ಮಾಡಿದ್ದರಿಂದ ಅಡ್ವಾನ್ಸ್, ಮೇಂಟೆನೆನ್ಸ್, ನೀರು ಎಂಬ ಮೂರು ಬೇರೆ ಬೇರೆ ಗುರಿಗಳು ಒಂದೇ ಗುರಿಯೊಳಗೆ ಕರಗಿದವು. ಅದರಿಂದಾದ ಲಾಭ ಏನೆಂಬುದು ಮುಂದೆ ಗೊತ್ತಾಗುತ್ತದೆ.

ಸಮಯ ಎಂದರೆ ಮನೆ ಬಾಗಿಲಿನಿಂದ ಕಚೇರಿ ಬಾಗಿಲಿನವರೆಗೆ, ಕೆಲಸದ ದಿನದ ಬೆಳಿಗ್ಗೆ. ನಿಲ್ದಾಣಕ್ಕೆ ನಡೆಯುವುದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸುವುದು, ಮೊದಲ ರೈಲಿಗೆ ಹತ್ತಲಾಗದೆ ಎರಡನೆಯದಕ್ಕೆ ಕಾಯುವುದು ಎಲ್ಲವೂ ಸೇರಿ. ಐದು ನಿಮಿಷಕ್ಕೆ ಸರಿಹೊಂದಿಸಿ ಬರೆದಿದೆ, ಏಕೆಂದರೆ ಅದಕ್ಕಿಂತ ಸೂಕ್ಷ್ಮವಾಗಿ ಬರೆಯುವಷ್ಟು ನಂಬಿಕೆ ಬೆಂಗಳೂರಿನ ಬೆಳಗಿನ ಮೇಲೆ ಇಡುವಂತಿಲ್ಲ.

| ಸಂ. | ಮನೆ | ತಿಂಗಳ ಖರ್ಚು (₹) | ಅವನ ಸಮಯ (ನಿ.) | ಅವಳ ಸಮಯ (ನಿ.) |
|---|---|---|---|---|
| 1 | ಇಂದಿರಾನಗರ | 41,000 | 45 | 50 |
| 2 | ಹೂಡಿ | 30,000 | 20 | 85 |
| 3 | ಕೆ.ಆರ್. ಪುರ, ಎರಡನೇ ಮಹಡಿ | 27,000 | 30 | 80 |
| 4 | ಕೆ.ಆರ್. ಪುರ, ನೆಲಮಹಡಿ | 29,000 | 30 | 80 |
| 5 | ಬೆನ್ನಿಗಾನಹಳ್ಳಿ | 32,000 | 40 | 65 |
| 6 | ವಿಜಯನಗರ | 29,000 | 85 | 50 |
| 7 | ರಾಜಾಜಿನಗರ | 33,000 | 90 | 55 |
| 8 | ಬನಶಂಕರಿ | 28,000 | 95 | 25 |
| 9 | ಬಸವನಗುಡಿ | 36,000 | 80 | 20 |
| 10 | ಜಯನಗರ | 38,000 | 90 | 10 |
| 11 | ಮಹದೇವಪುರ | 31,000 | 35 | 90 |

55 ಜೋಡಿಗಳಲ್ಲಿ ನಾಲ್ಕು

ಹನ್ನೊಂದು ಮನೆಗಳನ್ನು ಎರಡೆರಡಾಗಿ ಹೋಲಿಸಿದರೆ 55 ಜೋಡಿ. ಕೈಯಲ್ಲೇ ಮಾಡಬಹುದು, ಆದರೆ ಕಣ್ಣು ತಪ್ಪುವುದು ಸುಲಭ. ಕೆಲವೇ ಸಾಲಿನ ಪೈಥಾನ್ ಸಾಕು.

```python
mane = {1:(41000,45,50), 2:(30000,20,85), 3:(27000,30,80),
        4:(29000,30,80), 5:(32000,40,65), 6:(29000,85,50),
        7:(33000,90,55), 8:(28000,95,25), 9:(36000,80,20),
        10:(38000,90,10), 11:(31000,35,90)}

def gellu(a, b):
    return all(x < y for x, y in zip(a, b))

for i in mane:
    for j in mane:
        if gellu(mane[i], mane[j]):
            print(i, ">", j)
```

ಬರುವ ಉತ್ತರ ಇಷ್ಟೇ:

```
2 > 11
3 > 11
4 > 11
6 > 7
```

ಮಹದೇವಪುರದ ಮನೆಯನ್ನು ಹೂಡಿಯದು ಮತ್ತು ಕೆ.ಆರ್. ಪುರದ ಎರಡೂ ಮನೆಗಳು ಸೋಲಿಸಿವೆ. ರಾಜಾಜಿನಗರದ್ದನ್ನು ವಿಜಯನಗರ ಸೋಲಿಸಿದೆ: ನಾಲ್ಕು ಸಾವಿರ ಅಗ್ಗ, ಇಬ್ಬರಿಗೂ ಐದೈದು ನಿಮಿಷ ಕಡಿಮೆ. ಉಳಿದ 51 ಜೋಡಿಗಳಲ್ಲಿ ಯಾವುದು ಮೇಲು ಎಂದು ನಿಯಮ ಬಾಯಿಬಿಡುವುದಿಲ್ಲ. ಹನ್ನೊಂದರಲ್ಲಿ ಒಂಬತ್ತು ಮನೆ ಸೋಲದೆ ಉಳಿದವು.

ಇಷ್ಟೊಂದು ಉಳಿದದ್ದು ಏಕೆ? ಮೂರು ಗುರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದೆ ಚೆದುರಿದ್ದು, ಎಲ್ಲೂ ಸಮ ಬೀಳದಿದ್ದರೆ, ಹನ್ನೊಂದರಲ್ಲಿ ಸರಾಸರಿ ಐದು ಚಿಲ್ಲರೆ ಮನೆ ಮಾತ್ರ ಸೋಲದೆ ಉಳಿಯುತ್ತವೆ. ಎರಡೇ ಗುರಿಯಾದರೆ ಸುಮಾರು ಮೂರು, ನಾಲ್ಕು ಗುರಿಯಾದರೆ ಏಳರ ಮೇಲೆ. ಇಲ್ಲಿ ಒಂಬತ್ತು ಉಳಿಯಲು ಕಾರಣ ನಕ್ಷೆಯಲ್ಲೇ ಇದೆ: ಅವನ ಕಚೇರಿಗೆ ಹತ್ತಿರವಾದಷ್ಟೂ ಅವಳ ಕಾಲೇಜು ದೂರ. ಎರಡು ಗುರಿಗಳು ಹೀಗೆ ಎದುರುಬದುರು ಎಳೆಯುವಾಗ ಎರಡರಲ್ಲೂ ಮೇಲಾಗುವ ಮನೆ ವಿರಳ. ಗುರಿಗಳು ಒಂದೇ ದಿಕ್ಕಿಗೆ ಎಳೆಯುವಂತಿದ್ದರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲೇ ‘ಈ ಎರಡು ಗುರಿಗಳಲ್ಲಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆಯೇ’ ಎಂದು ನೋಡಿಕೊಂಡರೆ ಈ ನಿಯಮದಿಂದ ಎಷ್ಟು ಕೆಲಸವಾದೀತು ಎಂಬ ಅಂದಾಜು ಸಿಗುತ್ತದೆ.

ಸಮ ಬಿದ್ದರೆ ಏನು ಮಾಡುವುದು

3 ಮತ್ತು 4ನೇ ಸಾಲನ್ನು ನೋಡಿ. ಒಂದೇ ಕಟ್ಟಡ, ಎರಡು ಮಹಡಿ. ಎರಡರಿಂದಲೂ ಇಬ್ಬರ ಪ್ರಯಾಣ ಅಷ್ಟೇ, ಮೇಲಿನ ಮನೆ ಎರಡು ಸಾವಿರ ಅಗ್ಗ. ಯಾರನ್ನೇ ಕೇಳಿದರೂ ಮೇಲಿನದೇ ವಾಸಿ ಎನ್ನುತ್ತಾರೆ. ನಿಯಮ ಒಪ್ಪುವುದಿಲ್ಲ: ಸಮಯ ಸಮವಾಗಿದೆ, ಸಮ ಎಂದರೆ ಮೇಲಲ್ಲ, ಆದ್ದರಿಂದ ಗೆಲುವಿಲ್ಲ. 4ನೇ ಮನೆ ಪಟ್ಟಿಯಲ್ಲೇ ಕೂತಿದೆ.

ಇದಕ್ಕೆ ರೂಢಿಯ ಪರಿಹಾರ ನಿಯಮವನ್ನು ಕೊಂಚ ಸಡಿಲಿಸುವುದು: ಯಾವ ಗುರಿಯಲ್ಲೂ ಕೆಳಗಿರಬಾರದು, ಕನಿಷ್ಠ ಒಂದರಲ್ಲಾದರೂ ಮೇಲಿರಬೇಕು. ಕೋಡಿನಲ್ಲಿ `<` ಬದಲು `<=` ಹಾಕಿ, ಜೊತೆಗೆ `a != b` ಎಂಬ ಷರತ್ತು ಸೇರಿಸಿದರೆ ಆಯಿತು. ಆಗ 3 > 4 ಎಂಬ ಒಂದು ಗೆಲುವು ಹೊಸದಾಗಿ ಬರುತ್ತದೆ, ಸೋಲದ ಮನೆಗಳು ಎಂಟಕ್ಕೆ ಇಳಿಯುತ್ತವೆ. ಆದರೆ ಹಾಗೆ ಸಡಿಲಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಎರಡು ಮನೆಗಳ ನಡುವೆ ಪಟ್ಟಿಯಲ್ಲಿಲ್ಲದ ವ್ಯತ್ಯಾಸವೇನಾದರೂ ಇದೆಯೇ? ಅಪ್ಪ-ಅಮ್ಮ ಊರಿಂದ ಬಂದಾಗ ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿ ಹತ್ತಬೇಕಾದರೆ ನೆಲಮಹಡಿಗೆ ಆ ಎರಡು ಸಾವಿರ ಕೊಡುವುದು ನ್ಯಾಯವೇ ಇರಬಹುದು. ಅಳೆಯದೆ ಬಿಟ್ಟ ಗುರಿ ಒಂದಿದ್ದರೆ ಸಡಿಲ ನಿಯಮ ಒಳ್ಳೆಯ ಮನೆಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಬಿಗಿ ನಿಯಮ ಅಂಥ ಕಡೆ ಪೆದ್ದಾಗಿ ಕಂಡರೂ ಅಳಿಸುವುದಿಲ್ಲ. ಈ ದಂಪತಿಗೆ ಮಹಡಿಯ ಚಿಂತೆ ಇರಲಿಲ್ಲ, 4ನೆಯದನ್ನು ಬಿಟ್ಟರು.

ಸಮ ಬೀಳುವುದು ಅಪರೂಪ ಎಂದುಕೊಳ್ಳಬೇಡಿ. ಬಾಡಿಗೆಗಳು ಸಾವಿರದ ಗುಂಡು ಸಂಖ್ಯೆಯಲ್ಲಿ ಬರುತ್ತವೆ, ಸಮಯವನ್ನು ಐದಕ್ಕೆ ಸರಿಹೊಂದಿಸಿದ್ದೇವೆ. ಅದಕ್ಕಿಂತ ಕೆಟ್ಟದ್ದು ‘ಇದೆ, ಇಲ್ಲ’ ಎನ್ನುವ ಗುರಿಗಳು. ಕಾವೇರಿ ನೀರನ್ನು ಖರ್ಚಿನಲ್ಲಿ ಕರಗಿಸದೆ ನಾಲ್ಕನೇ ಗುರಿಯಾಗಿ ಇಟ್ಟಿದ್ದರೆ ಏನಾಗುತ್ತಿತ್ತು ನೋಡಿ. ಕಾವೇರಿ ಇರುವ ಮನೆಯನ್ನು ಬಿಗಿ ನಿಯಮದಲ್ಲಿ ಯಾವ ಮನೆಯೂ ಸೋಲಿಸಲಾರದು, ಏಕೆಂದರೆ ‘ಇದೆ’ ಎಂಬುದಕ್ಕಿಂತ ಮೇಲಿನ ಅಂಕ ಇಲ್ಲ. ವಿಜಯನಗರ, ರಾಜಾಜಿನಗರ ಎರಡರಲ್ಲೂ ಕಾವೇರಿ ಇದೆ. 6 > 7 ಎಂಬ ಗೆಲುವು ಅಲ್ಲೇ ಮಾಯ. ಕೆ.ಆರ್. ಪುರದ ಕಟ್ಟಡ, ಮಹದೇವಪುರದ ಮನೆ ಎರಡೂ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿದವು. 3 > 11, 4 > 11 ಎರಡೂ ಮಾಯ. ಕಾವೇರಿ ಇರುವ ಹೂಡಿಯ ಮನೆ ಮಹದೇವಪುರದ್ದನ್ನು ಗೆದ್ದದ್ದಷ್ಟೇ ಉಳಿಯುತ್ತಿತ್ತು. ನಾಲ್ಕು ಗೆಲುವು ಒಂದಕ್ಕಿಳಿದು, ಸೋಲದ ಮನೆಗಳು ಹತ್ತಾಗುತ್ತಿದ್ದವು.

ಬಿಗಿ ನಿಯಮದಲ್ಲಿ ಗುರಿ ಸೇರಿಸಿದಾಗ ಹೊಸ ಗೆಲುವು ಎಂದೂ ಹುಟ್ಟುವುದಿಲ್ಲ, ಇದ್ದದ್ದು ಹೋಗಬಹುದು ಅಷ್ಟೇ. ಹೀಗಾಗಿ ‘ಪಾರ್ಕಿಂಗ್, ಗಾಳಿ-ಬೆಳಕು, ವಾಸ್ತು, ಶಾಲೆ’ ಎಂದು ಕಾಲಂ ಸೇರಿಸುತ್ತ ಹೋದರೆ ಪಟ್ಟಿ ಹೆಚ್ಚು ವಿವೇಕದ್ದಾಗುವುದಿಲ್ಲ, ಹನ್ನೊಂದಕ್ಕೆ ಹನ್ನೊಂದೂ ಸೋಲದೆ ನಿಲ್ಲುತ್ತವೆ. ಇದೆ-ಇಲ್ಲ ಬಗೆಯದನ್ನು ಒಂದೋ ದುಡ್ಡಿಗೆ ಇಳಿಸಬೇಕು, ಇಲ್ಲವೇ ಮೊದಲೇ ಷರತ್ತಾಗಿ ಇಟ್ಟು ಮನೆಗಳನ್ನು ಕೈಬಿಡಬೇಕು. ಗುರಿಯ ಸಾಲಿನಲ್ಲಿ ಕೂರಿಸಬಾರದು.

‘ಹೆಚ್ಚೂಕಡಿಮೆ ಒಂದೇ’ ಎನ್ನುವ ಬಲೆ

ಗಂಡನ ಆಕ್ಷೇಪಣೆ ಬೇರೆ ಇತ್ತು. ‘ಐದು ನಿಮಿಷದ ವ್ಯತ್ಯಾಸಕ್ಕೆಲ್ಲ ಯಾಕೆ ಬೆಲೆ ಕೊಡೋದು? ಐದು ನಿಮಿಷದೊಳಗೆ, ಸಾವಿರ ರೂಪಾಯಿ ಒಳಗೆ ಇದ್ದರೆ ಎರಡೂ ಒಂದೇ ಅಂತ ಹಿಡಿದುಬಿಡೋಣ.’ ಕೇಳಲು ನ್ಯಾಯವಾದ ಮಾತು. ಸಡಿಲ ನಿಯಮದೊಂದಿಗೆ ಇದನ್ನು ಬೆರೆಸಿದರೆ ಮಾತ್ರ ಕ್ರಮವೇ ಮುರಿದುಬೀಳುತ್ತದೆ. ಪಟ್ಟಿಯ ಹೊರಗಿನ ಮೂರು ಮನೆಗಳನ್ನು ತೆಗೆದುಕೊಳ್ಳೋಣ. ಕ: ₹28,000, 48 ನಿಮಿಷ, 44 ನಿಮಿಷ. ಖ: ₹28,800, 40, 48. ಗ: ₹29,600, 44, 40.

ಕ ಮತ್ತು ಗ ಹೋಲಿಸಿ: ಕ ₹1,600 ಅಗ್ಗ, ಸಮಯದಲ್ಲಿ ನಾಲ್ಕು ನಾಲ್ಕು ನಿಮಿಷದ ವ್ಯತ್ಯಾಸ, ಅದು ‘ಒಂದೇ’. ಕ ಗೆದ್ದಿತು. ಗ ಮತ್ತು ಖ: ಅವಳಿಗೆ ಎಂಟು ನಿಮಿಷ ಉಳಿತಾಯ, ಉಳಿದದ್ದೆಲ್ಲ ‘ಒಂದೇ’. ಗ ಗೆದ್ದಿತು. ಖ ಮತ್ತು ಕ: ಅವನಿಗೆ ಎಂಟು ನಿಮಿಷ ಉಳಿತಾಯ, ಉಳಿದದ್ದೆಲ್ಲ ‘ಒಂದೇ’. ಖ ಗೆದ್ದಿತು. ಕ ಗ-ವನ್ನು, ಗ ಖ-ವನ್ನು, ಖ ಮತ್ತೆ ಕ-ವನ್ನು ಸೋಲಿಸಿ ಮೂರೂ ಮನೆ ಪಟ್ಟಿಯಿಂದ ಹೊರಗೆ! ಪ್ರೋಗ್ರಾಂ ತಪ್ಪೇನೂ ತೋರಿಸುವುದಿಲ್ಲ, ಉತ್ತರದ ಪಟ್ಟಿ ಖಾಲಿ ಬರುತ್ತದೆ, ಅಥವಾ ಮನೆಗಳನ್ನು ಯಾವ ಅನುಕ್ರಮದಲ್ಲಿ ಓದಿಸಿದಿರಿ ಎಂಬುದರ ಮೇಲೆ ಬೇರೆ ಬೇರೆ ಉತ್ತರ ಬರುತ್ತದೆ. ಸಾಲುಗಳ ಅನುಕ್ರಮ ಬದಲಿಸಿ ಎರಡು ಸಲ ಓಡಿಸಿ ನೋಡಿದರೆ ಈ ರೋಗ ಗೊತ್ತಾಗುತ್ತದೆ.

ಬಿಗಿ ನಿಯಮಕ್ಕೆ ಈ ರೋಗ ಇಲ್ಲ. ‘ಮೂರೂ ಗುರಿಯಲ್ಲಿ ಕನಿಷ್ಠ ಇಷ್ಟು ಅಂತರದಿಂದ ಮೇಲಿರಬೇಕು’ ಎಂದು ಅಂತರ ಹಾಕಿದರೂ ಕ್ರಮ ಕೆಡುವುದಿಲ್ಲ: ಮೊದಲನೆಯದು ಎರಡನೆಯದಕ್ಕಿಂತ ಐದು ನಿಮಿಷ ಕಡಿಮೆ, ಎರಡನೆಯದು ಮೂರನೆಯದಕ್ಕಿಂತ ಐದು ನಿಮಿಷ ಕಡಿಮೆ ಎಂದಾದರೆ ಮೊದಲನೆಯದು ಮೂರನೆಯದಕ್ಕಿಂತ ಹತ್ತು ನಿಮಿಷ ಕಡಿಮೆ, ಸುತ್ತಿಕೊಂಡು ಬರಲು ದಾರಿಯೇ ಇಲ್ಲ. ಅಳತೆ ಅಲ್ಲಾಡುವ ಕಡೆ ಬಿಗಿ ನಿಯಮವೇ ಹಿತ ಎನ್ನುವುದು ಇದಕ್ಕಾಗಿ. ಅಂತರವನ್ನು ಗುರಿಗೊಂದರಂತೆ ಇಡಬೇಕು. ಅಗ್ರಿಮೆಂಟಿನಲ್ಲಿ ಬರೆದಿರುವ ಬಾಡಿಗೆ ಅಲ್ಲಾಡುವುದಿಲ್ಲ, ಅದಕ್ಕೆ ಅಂತರ ಬೇಡ. ಪ್ರಯಾಣಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷ ಹಾಕಿದರೂ ಮೇಲಿನ ನಾಲ್ಕು ಗೆಲುವುಗಳು ಹಾಗೇ ನಿಲ್ಲುತ್ತವೆ. ಹತ್ತು ನಿಮಿಷ ಹಾಕಿದರೆ ಮಾತ್ರ ಒಂದೂ ನಿಲ್ಲುವುದಿಲ್ಲ.

ಸೋಲದ ಮನೆ ಎಂದರೆ ಒಳ್ಳೆಯ ಮನೆಯಲ್ಲ

ಪಟ್ಟಿ ಕೈಗೆ ಬಂದಾಗ ಹೆಚ್ಚಿನವರು ಮಾಡಿಕೊಳ್ಳುವ ತಪ್ಪು ಇದು. ಇಂದಿರಾನಗರದ ಮನೆಯನ್ನು ಸೋಲಿಸಬೇಕಾದರೆ ಅವನಿಗೆ 45ಕ್ಕಿಂತ, ಅವಳಿಗೆ 50ಕ್ಕಿಂತ ಕಡಿಮೆ ಸಮಯದ ಮನೆ ಬೇಕು. ಹನ್ನೊಂದರಲ್ಲಿ ಅಂಥದ್ದು ಇಲ್ಲ. ಅಂದರೆ ಅದರ ಖರ್ಚು 41,000 ಅಲ್ಲ, ಒಂದು ಲಕ್ಷವಾದರೂ ಅದು ಪಟ್ಟಿಯಿಂದ ಬೀಳುವುದಿಲ್ಲ. ವಿಜಯನಗರದ ಮನೆಯ ಸ್ಥಿತಿ ಹಾಗಲ್ಲ: ಅದರ ಎರಡೂ ಸಮಯಗಳನ್ನು ಬಸವನಗುಡಿ ಮೀರಿಸುತ್ತದೆ, ಅದು ಉಳಿದಿರುವುದು ಅಗ್ಗವಾಗಿರುವುದರಿಂದ ಮಾತ್ರ, ಖರ್ಚು 36,000 ದಾಟಿದ ಕ್ಷಣ ಸೋಲುತ್ತದೆ. ಒಂದೊಂದು ಮನೆ ಯಾವ ಗುರಿಯ ಬಲದಲ್ಲಿ ನಿಂತಿದೆ ಎಂದು ಹೀಗೆ ಪರೀಕ್ಷಿಸುವುದು ಓನರ್ ಜೊತೆ ಚೌಕಾಸಿಗೂ ಉಪಯೋಗ.

ಸೋತ ಮನೆಗಳ ಬಗ್ಗೆಯೂ ಇದೇ ಎಚ್ಚರಿಕೆ. ಸೋಲದವು ಒಂದನೇ ಸಾಲು, ಅವನ್ನು ತೆಗೆದಿಟ್ಟರೆ ಉಳಿದವುಗಳಲ್ಲಿ ಸೋಲದವು ಎರಡನೇ ಸಾಲು ಎಂದು ಪದರ ಮಾಡುವ ಪದ್ಧತಿ ಇದೆ. ಆದರೆ ಎರಡನೇ ಸಾಲಿನ ಮನೆ ಒಂದನೇ ಸಾಲಿನ ಎಲ್ಲ ಮನೆಗಳಿಗಿಂತ ಕೀಳು ಎಂದಲ್ಲ. ಎರಡನೇ ಸಾಲಿನ ಮಹದೇವಪುರವನ್ನು ಒಂದನೇ ಸಾಲಿನ ಜಯನಗರದ ಎದುರಿಗಿಟ್ಟರೆ ಏಳು ಸಾವಿರ ಅಗ್ಗ, ಅವನಿಗೆ 55 ನಿಮಿಷ ಕಡಿಮೆ. ಅದನ್ನು ಸೋಲಿಸಿದ್ದು ಹೂಡಿ, ಕೆ.ಆರ್. ಪುರಗಳೇ ಹೊರತು ಜಯನಗರವಲ್ಲ.

ತೂಕ ಹಾಕಿದರೆ ಬೆನ್ನಿಗಾನಹಳ್ಳಿ ಎಂದೂ ಬರುವುದಿಲ್ಲ

ಎಂಟು ಮನೆಗಳಿಂದ ಒಂದಕ್ಕೆ ಇಳಿಯುವ ಸಾಮಾನ್ಯ ದಾರಿ ಎಲ್ಲವನ್ನೂ ದುಡ್ಡಿಗೆ ಇಳಿಸಿ ಕೂಡುವುದು. ತಿಂಗಳಿಗೆ 22 ದಿನ, ಹೋಗಿ ಬರಲು 44 ಪಯಣ. ಇಬ್ಬರ ಒಂದು ಗಂಟೆಗೂ ₹150 ಎಂದು ಹಿಡಿದರೆ ಒಂದು ನಿಮಿಷದ ದೂರ ತಿಂಗಳಿಗೆ ₹110 ಆಗುತ್ತದೆ. ಈ ಲೆಕ್ಕದಲ್ಲಿ ಕೆ.ಆರ್. ಪುರದ ಮೇಲಿನ ಮನೆ ₹39,100ಕ್ಕೆ ಬಂದು ಮೊದಲು ನಿಲ್ಲುತ್ತದೆ, ಬನಶಂಕರಿ ₹41,200, ಹೂಡಿ ₹41,550, ಬೆನ್ನಿಗಾನಹಳ್ಳಿ ₹43,550. ಇಂದಿರಾನಗರ ₹51,450ಕ್ಕೆ ಎಲ್ಲಕ್ಕೂ ಕೊನೆ. ‘ಸೋತ’ ರಾಜಾಜಿನಗರ ಕೂಡ ₹48,950ಕ್ಕೆ ಅದಕ್ಕಿಂತ ಮೇಲಿದೆ.

ನಿಮಿಷಕ್ಕೆ ₹110 ಎಂಬಂಥ ತೂಕ ಯಾವುದೇ ಇರಲಿ, ಬಿಗಿ ನಿಯಮದಲ್ಲಿ ಸೋತ ಮನೆ ಮೊತ್ತದಲ್ಲಿ ಮೊದಲು ಬರಲಾರದು. ಅದನ್ನು ಸೋಲಿಸಿದ ಮನೆಯ ಮೊತ್ತ ಇನ್ನೂ ಕಡಿಮೆ ಇರುತ್ತದೆ. ತಿರುಗಿಸಿ ಹೇಳಿದರೆ ನಿಜವಲ್ಲ. ಸೋಲದ ಪ್ರತಿಯೊಂದು ಮನೆಗೂ ಅದನ್ನು ಗೆಲ್ಲಿಸುವ ತೂಕ ಒಂದಿರುತ್ತದೆ ಎಂದು ಅನೇಕರು ನಂಬಿರುತ್ತಾರೆ. ಬೆನ್ನಿಗಾನಹಳ್ಳಿಗೆ ಅಂಥ ತೂಕವೇ ಇಲ್ಲ. ಹೂಡಿಯ ಅಂಕಿಗಳ 72%, ಜಯನಗರದ 23%, ಬನಶಂಕರಿಯ 5% ಸೇರಿಸಿ ಸರಾಸರಿ ತೆಗೆಯಿರಿ: ಖರ್ಚು ₹31,740, ಅವನಿಗೆ 39.85 ನಿಮಿಷ, ಅವಳಿಗೆ 64.75. ಮೂರೂ ಬೆನ್ನಿಗಾನಹಳ್ಳಿಯ 32,000, 40, 65ಕ್ಕಿಂತ ಕಡಿಮೆ. ಹಾಗಿದ್ದ ಮೇಲೆ ಯಾವ ತೂಕ ಹಾಕಿದರೂ ಆ ಮೂರು ಮನೆಗಳ ಸರಾಸರಿ ಮೊತ್ತ ಬೆನ್ನಿಗಾನಹಳ್ಳಿಯದಕ್ಕಿಂತ ಕಡಿಮೆ, ಆದ್ದರಿಂದ ಮೂರರಲ್ಲಿ ಒಂದಾದರೂ ಅದಕ್ಕಿಂತ ಮುಂದೆ. ಆದರೆ ಮುಕ್ಕಾಲು ಪಾಲು ಹೂಡಿಯಲ್ಲೂ ಕಾಲು ಪಾಲು ಜಯನಗರದಲ್ಲೂ ಸಂಸಾರ ಮಾಡಲಾಗುವುದಿಲ್ಲ. ಮೊತ್ತದ ಲೆಕ್ಕ ಸಾಮಾನ್ಯವಾಗಿ ಒಂದೋ ಅವನ ಕಡೆಯ ತುದಿಗೆ ಒಯ್ಯುತ್ತದೆ, ಇಲ್ಲವೇ ಅವಳ ಕಡೆಯ ತುದಿಗೆ. ಇಬ್ಬರೂ ಕೊಂಚ ಕೊಂಚ ಬಿಟ್ಟುಕೊಡುವ ನಡುವಿನ ಮನೆ, ಯಾರೂ ಸೋಲಿಸದಿದ್ದರೂ, ಲೆಕ್ಕದಿಂದ ಕಾಣದಂತೆ ಜಾರಿಹೋಗುತ್ತದೆ. ತೂಕಗಳನ್ನು ನೂರು ಬಗೆಯಲ್ಲಿ ಬದಲಿಸಿ ‘ಎಲ್ಲ ಸಾಧ್ಯತೆ ನೋಡಿದೆವು’ ಎನ್ನುವವರಿಗೂ ಅದು ಒಮ್ಮೆಯೂ ಕಂಡಿರುವುದಿಲ್ಲ.

ಮಿತಿ ಹಾಕಿ ಆರಿಸುವುದು

ಹೀಗಾಗಿ ತೂಕದ ಬದಲು ಮಿತಿ. ಖರ್ಚು ₹35,000 ಮೀರಬಾರದು, ಇಬ್ಬರಲ್ಲಿ ಯಾರ ಪಯಣವೂ 70 ನಿಮಿಷ ಮೀರಬಾರದು ಎಂದಾಗ ಹನ್ನೊಂದರಲ್ಲಿ ಉಳಿಯುವುದು ಬೆನ್ನಿಗಾನಹಳ್ಳಿ ಒಂದೇ. ಮಿತಿಯ ವಿಧಾನ ಮೊದಲ ನಿಯಮದೊಂದಿಗೆ ಹೊಂದಿಕೊಳ್ಳುತ್ತದೆ: ಮಿತಿಯೊಳಗಿನ ಮನೆಯನ್ನು ಯಾವುದಾದರೂ ಸೋಲಿಸಿದ್ದರೆ ಆ ಗೆದ್ದ ಮನೆಯೂ ಮಿತಿಯೊಳಗೇ ಇರುತ್ತದೆ. ಆದ್ದರಿಂದ ಮೊದಲು ಸೋತವನ್ನು ತೆಗೆದು ಆಮೇಲೆ ಮಿತಿ ಹಾಕಿದರೆ ಏನೂ ಕಳೆದುಹೋಗುವುದಿಲ್ಲ.

ಮಿತಿಗೂ ಒಂದು ದೋಷವಿದೆ, ಅದು ಚೂಪಾಗಿ ಕತ್ತರಿಸುತ್ತದೆ. 70ನ್ನು 80 ಮಾಡಿದರೆ ಕೆ.ಆರ್. ಪುರ ಒಳಬಂದು ಐದು ಸಾವಿರ ಉಳಿಸುತ್ತದೆ. ಹಾಗಾಗಿ ಮಿತಿಯನ್ನು ಒಂದು ಹೆಜ್ಜೆ ಆಚೀಚೆ ಸರಿಸಿ, ಉತ್ತರ ಬದಲಾಗುವ ಕಡೆ ನಿಂತು ಕೊಡು-ಕೊಳ್ಳುವ ಲೆಕ್ಕವನ್ನು ನೇರವಾಗಿ ಬರೆಯಬೇಕು. ಬೆನ್ನಿಗಾನಹಳ್ಳಿ ಬಿಟ್ಟು ಕೆ.ಆರ್. ಪುರಕ್ಕೆ ಹೋದರೆ ತಿಂಗಳಿಗೆ ₹5,000 ಉಳಿಯುತ್ತದೆ. ಅವಳಿಗೆ ಪಯಣಕ್ಕೆ 15 ನಿಮಿಷದಂತೆ 11 ಗಂಟೆ ಹೋಗುತ್ತದೆ. ಅವನಿಗೆ 10 ನಿಮಿಷದಂತೆ 7 ಗಂಟೆ 20 ನಿಮಿಷ ಉಳಿಯುತ್ತದೆ. ಮನೆಯಲ್ಲಿ ಮಾತು ನಿಂತದ್ದು ಇಲ್ಲಿಗೇ: ‘ದುಡ್ಡು ಉಳಿಯೋದು ಇಬ್ಬರಿಗೂ, ಟೈಮ್ ಉಳಿಯೋದು ನಿಮಗೆ, ಹೋಗೋದು ಮಾತ್ರ ನಂದು. ಇದು ಹೇಗ್ರೀ ಸರಿ?’ ಮೊತ್ತದ ಲೆಕ್ಕ ಈ ಪ್ರಶ್ನೆಯನ್ನು ₹110 ಎಂಬ ಅಂಕಿಯೊಳಗೆ ಮುಚ್ಚಿಟ್ಟಿತ್ತು. ಮಿತಿ 70ರಲ್ಲೇ ಉಳಿಯಿತು.

ಪಟ್ಟಿ ಅಲ್ಲಾಡಿದಾಗ

ಬೆಂಗಳೂರಿನಲ್ಲಿ ಮನೆ ಪಟ್ಟಿ ಎರಡು ದಿನ ಹಾಗೇ ನಿಲ್ಲುವುದಿಲ್ಲ. ವಿಜಯನಗರದ ಮನೆಗೆ ಬೇರೆ ಯಾರೋ ಟೋಕನ್ ಕೊಟ್ಟರು. ಸೋತ ಮನೆಗಳನ್ನು ಅಳಿಸಿಬಿಟ್ಟಿದ್ದರೆ ಇಲ್ಲಿ ಒಂದು ಸಂಗತಿ ತಪ್ಪಿಹೋಗುತ್ತಿತ್ತು: ರಾಜಾಜಿನಗರವನ್ನು ಸೋಲಿಸಿದ್ದು ವಿಜಯನಗರ ಒಂದೇ, ಅದು ಹೋದ ಮೇಲೆ ರಾಜಾಜಿನಗರ ಮತ್ತೆ ಸೋಲದ ಮನೆ. ಮಹದೇವಪುರಕ್ಕೆ ಮೂರು ಮನೆಗಳಿಂದ ಸೋಲಿದೆ, ಮೂರೂ ಹೋದರೆ ಮಾತ್ರ ಅದು ಹಿಂದಿರುಗೀತು. ಆದ್ದರಿಂದ ಸಾಲನ್ನು ಅಳಿಸದೆ, ಪಕ್ಕದಲ್ಲಿ ‘ಸೋಲಿಸಿದವು: 2, 3, 4’ ಎಂಬ ಕಾಲಂ ಇಡುವುದು ಒಳ್ಳೆಯದು. ಮನೆಯೊಂದು ಕೈತಪ್ಪಿದಾಗ ಆ ಕಾಲಂನಿಂದ ಅದರ ಸಂಖ್ಯೆ ಹೊಡೆದುಹಾಕಿದರೆ ಸಾಕು. ಖಾಲಿಯಾದ ಸಾಲು ಮರಳಿ ಬರುತ್ತದೆ. ಇಲ್ಲಿ ರಾಜಾಜಿನಗರ ಮರಳಿದರೂ 90 ನಿಮಿಷದ ಕಾರಣ ಮಿತಿಯೊಳಗೆ ಬರಲಿಲ್ಲ.

ಹೊಸ ಮನೆ ಬಂದಾಗ ಕೆಲಸ ಇನ್ನೂ ಕಡಿಮೆ. ಅದು ಸೋಲುತ್ತದೆಯೇ ಎಂದು ತಿಳಿಯಲು ಸೋಲದ ಮನೆಗಳೊಂದಿಗೆ ಮಾತ್ರ ಹೋಲಿಸಿದರೆ ಸಾಕು. ಸೋತ ಮನೆಯೊಂದು ಅದನ್ನು ಸೋಲಿಸುವುದಾದರೆ, ಆ ಸೋತ ಮನೆಯನ್ನು ಸೋಲಿಸಿದ್ದೂ ಸೋಲಿಸಿಯೇ ತೀರುತ್ತದೆ. ಅದೇ ವಾರ ಬ್ರೋಕರ್ ತೋರಿಸಿದ್ದು ಹಲಸೂರಿನ ಹಳೇ ಕಟ್ಟಡದ ಮನೆ: ಎಲ್ಲ ಸೇರಿ ₹33,000, ಅವನಿಗೆ 50, ಅವಳಿಗೆ 55. ಯಾವುದೂ ಅದನ್ನು ಸೋಲಿಸಲಿಲ್ಲ. ರಾಜಾಜಿನಗರದೊಂದಿಗೆ ಹೋಲಿಸಿದರೆ ಖರ್ಚು ಸಮ, ಅವಳ ಸಮಯ ಸಮ, ಅವನಿಗೆ 40 ನಿಮಿಷ ಕಡಿಮೆ; ಬಿಗಿ ನಿಯಮದಲ್ಲಿ ಇದೂ ಗೆಲುವಲ್ಲ, ಸಡಿಲ ನಿಯಮದಲ್ಲಿ ಗೆಲುವು. ಮಿತಿಯೊಳಗೆ ಈಗ ಎರಡು ಮನೆ, ಬೆನ್ನಿಗಾನಹಳ್ಳಿ ಮತ್ತು ಹಲಸೂರು. ಇಬ್ಬರ ಸಮಯ ಕೂಡಿದರೆ ಎರಡರಲ್ಲೂ 105 ನಿಮಿಷವೇ. ಹಲಸೂರಿನಲ್ಲಿ ಅವನಿಗೆ ಹತ್ತು ನಿಮಿಷ ಹೆಚ್ಚು, ಅವಳಿಗೆ ಹತ್ತು ನಿಮಿಷ ಕಡಿಮೆ, ಖರ್ಚು ಸಾವಿರ ರೂಪಾಯಿ ಜಾಸ್ತಿ. ಟೋಕನ್ ಕೊಟ್ಟದ್ದು ಹಲಸೂರಿಗೆ.